ಹುಳ ಸಾಯಲಿಲ್ಲ, ಬಾಟಲಿ ಫೋಟೊ ಬಂತು

ಜುಲೈ ಕೊನೆಯ ಒಂದು ಭಾನುವಾರ. ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಅರಕಲಗೂಡು ಕಡೆಯ ನಮ್ಮ ಮಾವ ವಾಟ್ಸಾಪಲ್ಲಿ ಮೂರು ಫೋಟೊ ಕಳಿಸಿ, ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜ್ ಹಾಕಿದ್ದರು. "ನೋಡಪ್ಪಾ, ನೀನು ಲೇಬಲ್ ಪ್ರೆಸ್ಸಲ್ಲಿ ಇದ್ದೋನು, ಈ ಬಾಟ್ಲು ಒರಿಜಿನಲ್ಲಾ ಡೂಪ್ಲಿಕೇಟಾ ಹೇಳು. ಹೊಡೆದು ನಾಲ್ಕು ದಿನ ಆಯ್ತು, ಒಂದು ಹುಳನೂ ಸತ್ತಿಲ್ಲ."

ನಾನು ಪೀಣ್ಯದ ಒಂದು ಲೇಬಲ್ ಪ್ರೆಸ್ಸಲ್ಲಿ ಹನ್ನೊಂದು ವರ್ಷ ಇದ್ದು, ಈಗ ಹಾಸನದಲ್ಲೇ ಇದ್ದೇನೆ. ಹಾಗಾಗಿ ಊರಿನವರಿಗೆ ಯಾವ ಡಬ್ಬಿಯ ಮೇಲೆ ಅನುಮಾನ ಬಂದರೂ ಫೋಟೊ ನನಗೇ ಬರುತ್ತದೆ. ಎಲ್ಲದಕ್ಕೂ ಉತ್ತರ ಹೇಳೋಕೆ ಆಗಲ್ಲ. ಈ ಒಂದು ಕೇಸನ್ನು ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ನಾನು ಮೊದಲು ಎರಡು ಸಲ ತಪ್ಪು ತೀರ್ಮಾನಕ್ಕೆ ಬಂದೆ. ಆ ಎರಡೂ ತಪ್ಪು ಫೋಟೊ ನೋಡಿ ಹೇಳುವ ಯಾರಿಗಾದರೂ ಆಗುವಂಥವು.

ಸಾಮಾನು ಯಾವುದು ಅಂದರೆ, ಮುಸುಕಿನ ಜೋಳದ ಸುಳಿಗೆ ಬೀಳುವ ಫಾಲ್ ಸೈನಿಕ ಹುಳಕ್ಕೆ ಹೊಡೆಯುವ ಔಷಧಿ. ಊರ ಕಡೆ ಇದಕ್ಕೆ ಲದ್ದಿ ಹುಳ ಅಂತಾರೆ. 2018ರಲ್ಲಿ ಈ ಹುಳ ದೇಶದಲ್ಲೇ ಮೊದಲು ಕಾಣಿಸಿದ್ದು ನಮ್ಮ ಕರ್ನಾಟಕದಲ್ಲಿ. ಆಮೇಲೆ ಜೋಳ ಬೆಳೆಯುವವರಿಗೆಲ್ಲ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಅನ್ನುವ ಹೆಸರು ಬಾಯಿಪಾಠ ಆಗಿಬಿಟ್ಟಿದೆ. ಲೀಟರ್ ನೀರಿಗೆ 0.4 ಮಿಲಿ ಸಾಕು. ಅಷ್ಟು ಸಣ್ಣ ಬಾಟಲಿ, ಅಷ್ಟು ಜಾಸ್ತಿ ದುಡ್ಡು. ನಕಲಿ ಮಾಡುವವನಿಗೆ ಇದಕ್ಕಿಂತ ಒಳ್ಳೇ ಸಾಮಾನು ಇಲ್ಲ, ಜೇಬಲ್ಲಿಟ್ಟುಕೊಂಡು ಹೋಗಬಹುದು.

ಮಾವ 60 ಮಿಲಿಯ ನಾಲ್ಕು ಬಾಟಲಿ ತಂದಿದ್ದರು. ಅಂಗಡಿಯಿಂದಲ್ಲ, ಸಂತೆಗೆ ಬೈಕಲ್ಲಿ ಬಂದವನ ಹತ್ತಿರ. ಬಾಟಲಿಗೆ 200 ರೂಪಾಯಿ ಕಮ್ಮಿ ಅಂದನಂತೆ, ಬಿಲ್ ಕೊಡಲಿಲ್ಲ. ಎರಡು ಬಾಟಲಿ ಒಂದೂವರೆ ಎಕರೆಗೆ ಹೊಡೆದಾಗಿತ್ತು, ಎರಡು ಸೀಲ್ ಒಡೆಯದೆ ಉಳಿದಿದ್ದವು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹುಳ ಸಾಯಲಿಲ್ಲ ಅನ್ನೋದು ನಕಲಿ ಅನ್ನೋದಕ್ಕೆ ಸಾಕ್ಷಿ ಅಲ್ಲ. ಈ ಔಷಧಿ ತಿಂದ ಹುಳ ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸುತ್ತದೆ, ಆದರೆ ಸಾಯೋಕೆ ಎರಡು ಮೂರು ದಿನ ಬೇಕು. ದೊಡ್ಡ ಹುಳ ಆಗಿದ್ದರೆ ಸುಳಿಯೊಳಗೆ ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕೂತಿರುತ್ತದೆ, ಹೊಡೆದದ್ದು ಅದರ ತನಕ ಇಳಿಯುವುದೇ ಇಲ್ಲ. ಜೊತೆಗೆ ಹೊಡೆದ ಮೇಲೆ ಮಳೆ ಬಂದಿದ್ದರೆ ಕೇಳಲೇಬೇಡಿ. ಹಾಗಾಗಿ ಹೊಲದ ಕಥೆ ಪಕ್ಕಕ್ಕಿಟ್ಟು ಬಾಟಲಿಯನ್ನಷ್ಟೇ ನೋಡೋಣ ಅಂತ ಕೂತೆ.

ಮೊದಲ ಫೋಟೊದಲ್ಲಿ ಬಾಟಲಿ ಪೂರ್ತಿ ಕಾಣುತ್ತಿತ್ತು. ಮಾವ ಎಡಗೈಲಿ ಹಿಡಿದುಕೊಂಡು ಬಲಗೈಲಿ ಫೋಟೊ ಹೊಡೆದಿದ್ದರು, ಬಾಟಲಿ ಒಂದು ಕಡೆಗೆ ತಿರುಗಿತ್ತು. ನೋಡಿದ ತಕ್ಷಣ ಕಣ್ಣಿಗೆ ಬಿದ್ದದ್ದು ಬ್ರ್ಯಾಂಡಿನ ಹೆಸರು. ಅಕ್ಷರಗಳು ಒತ್ತೊತ್ತಾಗಿದ್ದವು, ಯಾರೋ ಎರಡೂ ಕಡೆಯಿಂದ ಹಿಚುಕಿದ ಹಾಗೆ. ನನ್ನ ಫೋನಲ್ಲಿ ಅದೇ ಔಷಧಿಯ ಒಂದು ಹಳೇ ಫೋಟೊ ಇತ್ತು. ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತಿತ್ತು. "ಡೂಪ್ಲಿಕೇಟ್ ಮಾವ" ಅಂತ ಟೈಪ್ ಮಾಡಿದ್ದೆ, ಇನ್ನೇನು ಕಳಿಸಬೇಕು. ಪುಣ್ಯಕ್ಕೆ ಕಳಿಸಲಿಲ್ಲ.

ಕಳಿಸದೆ ಇದ್ದದ್ದಕ್ಕೆ ಕಾರಣ ಆ ಲೇಬಲ್ಲಿನ ಕೆಳಗಿದ್ದ ಹಸಿರು ಡೈಮಂಡ್. ಕೀಟನಾಶಕದ ಲೇಬಲ್ ಮೇಲೆ ಎಷ್ಟು ವಿಷ ಅಂತ ತೋರಿಸುವ ಗುರುತು ಇರುತ್ತದೆ ಅಲ್ವಾ, ಕೆಂಪು, ಹಳದಿ, ನೀಲಿ, ಹಸಿರು, ಅದು. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದು ಚೌಕವೇ ಆಗಿರಬೇಕು, 45 ಡಿಗ್ರಿ ತಿರುಗಿಸಿ ನಿಲ್ಲಿಸಿದ ಚೌಕ, ಲೇಬಲ್ಲಿನ ಮುಖದ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಬಾರದು. ನಮ್ಮ ಪ್ರೆಸ್ಸಲ್ಲಿ ಇದನ್ನು ಅಳೆದು ಅಳೆದು ಸಾಕಾಗಿತ್ತು, ಹಾಗಾಗಿ ಕೈಗೆ ಅಭ್ಯಾಸ ಇದೆ. ಚೌಕ ಅಂದ ಮೇಲೆ ಮೇಲಿಂದ ಕೆಳಗಿನ ಉದ್ದವೂ ಎಡದಿಂದ ಬಲಕ್ಕೆ ಅಗಲವೂ ಒಂದೇ ಇರಬೇಕು. ಫೋಟೊದಲ್ಲಿ ಒಂದೇ ಇಲ್ಲ ಅಂದರೆ ಅದು ಫೋಟೊದ ಓರೆ. ಅಂದರೆ ಲೇಬಲ್ ಮೇಲೇ ಒಂದು ಅಳತೆಪಟ್ಟಿ ಅಚ್ಚಾಗಿರುತ್ತದೆ, ನಾವು ಅದನ್ನು ಬಳಸೋದೇ ಇಲ್ಲ.

ಅಳೆದೆ. ಡೈಮಂಡಿನ ಎತ್ತರ 212 ಪಿಕ್ಸೆಲ್, ಅಗಲ 190. ಭಾಗಿಸಿದರೆ 0.896. ಅಂದರೆ ಆ ಜಾಗದಲ್ಲಿ ಅಡ್ಡಡ್ಡಲಾಗಿ ಸುಮಾರು ನೂರಕ್ಕೆ ಹತ್ತರಷ್ಟು ಕುಗ್ಗಿದೆ. ದುಂಡು ಬಾಟಲಿ 26 ಡಿಗ್ರಿ ತಿರುಗಿದರೆ ಹೆಚ್ಚುಕಮ್ಮಿ ಇಷ್ಟೇ ಕುಗ್ಗುತ್ತದೆ. ಈಗ ಹೆಸರಿನ ಅಳತೆ. ಅಕ್ಷರದ ಎತ್ತರ 84, ಇಡೀ ಹೆಸರಿನ ಉದ್ದ 311. ಉದ್ದವನ್ನು ಎತ್ತರದಿಂದ ಭಾಗಿಸಿದರೆ 3.70. ನನ್ನ ಹತ್ತಿರ ಇದ್ದ ಒರಿಜಿನಲ್ ಫೋಟೊದಲ್ಲಿ ಇದು 4.12. ಎಷ್ಟು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ. ಆದರೆ 3.70ನ್ನು 0.896ರಿಂದ ಭಾಗಿಸಿ ಓರೆ ತೆಗೆದರೆ 4.13 ಬರುತ್ತದೆ. ಹೆಸರು ಸರಿಯಾಗೇ ಇದೆ! ಹಿಚುಕಿದ್ದು ನಕಲಿ ಮಾಡಿದವನಲ್ಲ, ಬಾಟಲಿಯ ಉಬ್ಬು.

ಇದು ನನ್ನ ಮೊದಲ ತಪ್ಪು. ಲೋಗೊ ನೋಡಿ ನಕಲಿ ಅನ್ನುವವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ದುಂಡು ಬಾಟಲಿ, ಓರೆ ಕೈ, ಹತ್ತಿರದಿಂದ ಹೊಡೆದ ಫೋನ್ ಕ್ಯಾಮೆರಾ, ಈ ಮೂರೂ ಸೇರಿದರೆ ಎಂಥ ಒರಿಜಿನಲ್ಲೂ ಡೂಪ್ಲಿಕೇಟ್ ಥರ ಕಾಣುತ್ತದೆ.

ಆದರೆ ಲೋಗೊ ಅಂದರೆ ಬರೀ ಹೆಸರಲ್ಲ. ಹೆಸರಿನ ಎಡಕ್ಕೆ ಒಂದು ಚಿಹ್ನೆ ಇದೆ. ಚಿಹ್ನೆಗೂ ಮೊದಲ ಅಕ್ಷರಕ್ಕೂ ನಡುವೆ ಬಿಡುವ ಜಾಗವನ್ನು ಕಂಪನಿಯವರು ಮನಸ್ಸಿಗೆ ಬಂದ ಹಾಗೆ ಬಿಡೋದಿಲ್ಲ. ಅಕ್ಷರದ ಎತ್ತರಕ್ಕೆ ಇಷ್ಟು ಭಾಗ ಅಂತ ಅಳತೆ ಕೊಟ್ಟಿರುತ್ತಾರೆ, ಪ್ರೆಸ್ಸಿಗೆ ಬರುವ ಫೈಲಲ್ಲಿ ಚಿಹ್ನೆ ಹೆಸರು ಎರಡೂ ಒಂದೇ ತುಂಡಾಗಿ ಬರುತ್ತವೆ. ನಕಲಿ ಮಾಡುವವನ ಹತ್ತಿರ ಆ ಫೈಲ್ ಇರಲ್ಲ. ಅವನು ಒಂದು ಒರಿಜಿನಲ್ ಲೇಬಲನ್ನು ಸ್ಕ್ಯಾನ್ ಮಾಡಿ, ಹೆಸರನ್ನು ಒಂದು ಸಲ, ಚಿಹ್ನೆಯನ್ನು ಒಂದು ಸಲ ಗೆರೆ ಎಳೆದು ತೆಗೆದು, ಆಮೇಲೆ ಕಣ್ಣಳತೆಯಲ್ಲಿ ಜೋಡಿಸುತ್ತಾನೆ. ಅಕ್ಷರಗಳು ಸರಿಯಾಗೇ ಬರುತ್ತವೆ, ಯಾಕೆಂದರೆ ಅವನ್ನು ಹಾಗೇ ಎತ್ತಿದ್ದಾನೆ. ತಪ್ಪೋದು ತುಂಡಿಗೂ ತುಂಡಿಗೂ ನಡುವಿನ ಖಾಲಿ ಜಾಗದಲ್ಲಿ. ಅದಕ್ಕೇ ನಾನು ಅಕ್ಷರ ನೋಡೋದಕ್ಕಿಂತ ಖಾಲಿ ಜಾಗ ನೋಡೋದು ಜಾಸ್ತಿ.

ಆ ಫೋಟೊದಲ್ಲಿ ನಡುವಿನ ಜಾಗ 29 ಪಿಕ್ಸೆಲ್. ಅಕ್ಷರದ ಎತ್ತರ 84ರಿಂದ ಭಾಗಿಸಿ, ಓರೆ ತೆಗೆದರೆ 0.385. ಒರಿಜಿನಲ್ಲಲ್ಲಿ ಅರ್ಧ, ಅಂದರೆ 0.50. ಅಳೆಯುವಾಗ ಎರಡು ಪಿಕ್ಸೆಲ್ ಹೆಚ್ಚುಕಮ್ಮಿ ಆಯಿತು ಅಂದುಕೊಂಡರೂ 0.42 ದಾಟಲ್ಲ. ಇಷ್ಟಾದರೂ ನಾನು ನಂಬಲಿಲ್ಲ. ಚಿಹ್ನೆ ಇರೋದು ಹೆಸರಿನ ಎಡಕ್ಕೆ, ಬಾಟಲಿಯ ಅಂಚಿಗೆ ಇನ್ನೂ ಹತ್ತಿರ, ಅಲ್ಲಿ ಕುಗ್ಗೋದು ಡೈಮಂಡಿನ ಜಾಗಕ್ಕಿಂತ ಜಾಸ್ತಿ. ಒಂದೇ ಅಂಕೆಯಿಂದ ಎಲ್ಲ ಕಡೆಯ ಓರೆ ತೆಗೆಯೋಕೆ ಬರಲ್ಲ. ಇನ್ನೊಂದು ಫೋಟೊ ಬೇಕೇ ಬೇಕಿತ್ತು.

ಮಾವನಿಗೆ ಫೋನ್ ಮಾಡಿದೆ. ಅವರ ಮಗ ಪಿಯುಸಿ ಓದುತ್ತಿದ್ದಾನೆ, ಅವನ ಕೈಗೆ ಫೋನ್ ಕೊಡಿ ಅಂದೆ. "ಅಣ್ಣ, ಬಾಟ್ಲಿ ತೆಗೆದು ವಾಸನೆ ನೋಡಲಾ?" ಅಂತ ಕೇಳಿದ. ಬೇಡವೇ ಬೇಡ ಅಂತ ಬೈದೆ. ನಕಲಿ ಬಾಟಲಿ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಹಸಿರು ಗುರುತು ಇದೆ ಅಂತ ಒಳಗಿರೋದೂ ಹಸಿರು ಗುರುತಿನದ್ದೇ ಅಂತ ಏನು ಗ್ಯಾರಂಟಿ? ಅದೂ ಅಲ್ಲದೆ ಸೀಲ್ ಒಡೆದರೆ ಆ ಬಾಟಲಿಗೆ ಇರುವ ಬೆಲೆಯೂ ಹೋಗುತ್ತದೆ.

ಅವನಿಗೆ ಹೇಳಿದ್ದು ಇಷ್ಟು. ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸು, ಕೈಲಿ ಹಿಡಿಯಬೇಡ. ಚಿಹ್ನೆಗೂ ಹೆಸರಿಗೂ ನಡುವಿನ ಖಾಲಿ ಜಾಗ ಸರಿಯಾಗಿ ನಿನ್ನ ಎದುರು ಬರುವ ಹಾಗೆ ತಿರುಗಿಸು. ಫೋನನ್ನು ತೀರಾ ಹತ್ತಿರ ಒಯ್ಯಬೇಡ, ಒಂದು ಗೇಣು ಹಿಂದೆ ಇಟ್ಟು ಎರಡರಷ್ಟು ಜೂಮ್ ಮಾಡು. ಹತ್ತಿರ ಹೋದಷ್ಟೂ ಫೋಕಸ್ ಸಿಗಲ್ಲ, ಅಂಚುಗಳು ಬಾಗುತ್ತವೆ. ಆಮೇಲೆ ಕಳಿಸುವಾಗ ಫೋಟೊ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು. ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಮುಖ ನೋಡೋಕೆ ಪರವಾಗಿಲ್ಲ, ಆದರೆ ಎರಡು ಮಿಲಿಮೀಟರ್ ಎತ್ತರದ ಬ್ಯಾಚ್ ನಂಬರ್ ಅದರಲ್ಲಿ ಕಲಸಿಹೋಗುತ್ತದೆ, ಒಳ್ಳೇ ಅಚ್ಚೂ ಕೆಟ್ಟ ಅಚ್ಚಿನ ಥರ ಕಾಣುತ್ತದೆ.

ಹೊಸ ಫೋಟೊ ಬಂತು. ಜಾಗ ಎದುರಿಗೇ ಇದ್ದದ್ದರಿಂದ ಓರೆ ತೆಗೆಯುವ ಲೆಕ್ಕವೇ ಬೇಕಾಗಲಿಲ್ಲ. ಅಕ್ಷರ 90, ಖಾಲಿ ಜಾಗ 35. ಅಂದರೆ 0.389. ಮೊದಲ ಲೆಕ್ಕಕ್ಕೆ ತಾಳೆ ಆಯಿತು.

ಇಷ್ಟಕ್ಕೇ ನಕಲಿ ಅಂತ ಹೇಳಬಹುದಿತ್ತು ಅನ್ನಿಸಬಹುದು. ಆದರೆ ಕಂಪನಿಗಳು ಆಗಾಗ ಲೇಬಲ್ ಬದಲಾಯಿಸುತ್ತವೆ, 60 ಮಿಲಿಗೂ 150 ಮಿಲಿಗೂ ಬೇರೆ ಬೇರೆ ಜೋಡಣೆ ಇರುತ್ತದೆ, ನನ್ನ ಹಳೇ ಫೋಟೊ ಯಾವ ವರ್ಷದ್ದೋ. ಸೋಮವಾರ ಹಾಸನದಲ್ಲಿ ನನಗೆ ಪರಿಚಯದ ಒಂದು ಗೊಬ್ಬರದ ಅಂಗಡಿಗೆ ಹೋದೆ. ಕಂಪನಿಯ ಡೀಲರ್ ಕಡೆಯಿಂದ ಬಿಲ್ ಸಮೇತ ಬಂದ ಮಾಲು ಇಡುವವರು. ಅದೇ 60 ಮಿಲಿ, ಬೇರೆ ಬೇರೆ ತಿಂಗಳಲ್ಲಿ ತಯಾರಾದ ಎರಡು ಬಾಟಲಿ ತೆಗೆಸಿ ಫೋಟೊ ಹೊಡೆದೆ. ಎರಡರಲ್ಲೂ ಜಾಗ ಅರ್ಧಕ್ಕೇ ಬಂತು. ಅನುಮಾನ ಗಟ್ಟಿ ಆಯಿತು. ಆದರೂ ಲೋಗೊ ಒಂದನ್ನೇ ನಂಬಿ ಒಬ್ಬ ಮಾರುವವನ ಮೇಲೆ ಆಪಾದನೆ ಹೊರಿಸೋಕೆ ನನಗೆ ಧೈರ್ಯ ಇಲ್ಲ.

ಈಗ ಹೊಲೊಗ್ರಾಂ ವಿಷಯ. ಇಲ್ಲಿ ನನ್ನ ಎರಡನೇ ತಪ್ಪು.

ಮಾವ ಕಳಿಸಿದ ಎರಡನೇ ಫೋಟೊದಲ್ಲಿ ಲೇಬಲ್ಲಿನ ಮೂಲೆಯ ದುಂಡು ಹೊಲೊಗ್ರಾಂ ಬೂದಿ ಬಣ್ಣದ ಬಿಲ್ಲೆ ಥರ ಇತ್ತು. ಒಂದು ಚೂರೂ ಬಣ್ಣ ಇಲ್ಲ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ಇದಂತೂ ಖಂಡಿತ ನಕಲಿ ಅಂದುಕೊಂಡಿದ್ದೆ. ಅಂಗಡಿಗೆ ಹೋದಾಗ ಒರಿಜಿನಲ್ ಬಾಟಲಿಯನ್ನು ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ಫೋಟೊ ಹೊಡೆದರೆ, ಅದೂ ಬೂದಿ ಬಿಲ್ಲೆಯೇ! ಅಂಗಡಿಯವರು ನನ್ನ ಮುಖ ನೋಡಿದರು, ನಾನು ಆಕಾಶ ನೋಡಿದೆ.

ಕಾರಣ ಆಕಾಶವೇ. ಹೊಲೊಗ್ರಾಮಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಒಂದು ದಿಕ್ಕಿನಿಂದ ಬೆಳಕು ಬಿದ್ದರೆ ಅವು ಒಂದೊಂದು ಬಣ್ಣವನ್ನು ಒಂದೊಂದು ಕಡೆಗೆ ಕಳಿಸುತ್ತವೆ. ಜುಲೈಯಲ್ಲಿ ನಮ್ಮ ಕಡೆ ಮೋಡ ಕವಿದರೆ ಬೆಳಕು ಒಂದು ದಿಕ್ಕಿನಿಂದ ಬರೋದೇ ಇಲ್ಲ, ಇಡೀ ಆಕಾಶ ಒಂದೇ ದೀಪ. ಎಲ್ಲ ಕಡೆಯಿಂದ ಬಂದ ಬಣ್ಣಗಳು ಕಲಸಿ ಬೂದಿ ಆಗುತ್ತದೆ. ಟ್ಯೂಬ್ ಲೈಟಿನ ಕೆಳಗೂ ಹೆಚ್ಚುಕಮ್ಮಿ ಇದೇ ಗತಿ. ಹಾಗಂತ ಫೋನಿನ ಫ್ಲ್ಯಾಶ್ ಹಾಕಿ ಎದುರಿಂದ ಹೊಡೆದರೆ ಬೆಳಕು ನೇರ ವಾಪಸ್ ಬಂದು ಬಿಳಿ ಮಚ್ಚೆ ಆಗುತ್ತದೆ, ಅದರಲ್ಲೂ ಏನೂ ಕಾಣಲ್ಲ. ಒಂದು ಫೋಟೊ ಅಂದರೆ ಒಂದೇ ಕೋನ. ಹೊಲೊಗ್ರಾಂ ಅನ್ನೋದು ಕೋನ ಬದಲಾದಾಗ ಏನಾಗುತ್ತದೆ ಅನ್ನೋದರಲ್ಲಿದೆ. ಒಂದೇ ಸ್ಥಿರ ಫೋಟೊ ನೋಡಿ ಹೊಲೊಗ್ರಾಂ ಅಸಲಿ ಅನ್ನುವವರನ್ನೂ ನಕಲಿ ಅನ್ನುವವರನ್ನೂ ನಾನು ಈಗ ನಂಬಲ್ಲ, ನನ್ನನ್ನೂ ಸೇರಿಸಿ.

ಹುಡುಗನಿಗೆ ಮತ್ತೆ ಕೆಲಸ ಹೇಳಿದೆ. ರಾತ್ರಿ ಕೋಣೆಯ ಲೈಟ್ ಆರಿಸು. ಅಪ್ಪನ ಫೋನಿನ ಟಾರ್ಚ್ ಹಚ್ಚಿ ಒಂದು ಡಬ್ಬದ ಮೇಲೆ ಓರೆಯಾಗಿ ಇಡು. ನಿನ್ನ ಫೋನನ್ನು ಇನ್ನೊಂದು ಡಬ್ಬಕ್ಕೆ ಒರಗಿಸಿ ವಿಡಿಯೊ ಹಾಕು. ದೀಪವೂ ಅಲುಗಬಾರದು, ಕ್ಯಾಮೆರಾನೂ ಅಲುಗಬಾರದು, ಬಾಟಲಿ ಮಾತ್ರ ಅಲುಗಬೇಕು. ಮೊದಲು ನಿಧಾನಕ್ಕೆ ಎಡ ಬಲ ತಿರುಗಿಸು, ಆಮೇಲೆ ತಲೆ ಬಗ್ಗಿಸಿ ಎತ್ತಿದ ಹಾಗೆ ಮುಂದೆ ಹಿಂದೆ ಓಲಿಸು. ಇತ್ತ ಅಂಗಡಿಯಿಂದ ನಾನೂ ಒಂದು ಬಾಟಲಿ ದುಡ್ಡು ಕೊಟ್ಟು ತಂದಿದ್ದೆ, ಅದೇ ಥರ ನಾನೂ ಮಾಡಿದೆ.

ಎರಡು ವಿಡಿಯೊ ಪಕ್ಕದಲ್ಲಿಟ್ಟು ನೋಡಿದಾಗ ಯಾರು ಬೇಕಾದರೂ ಹೇಳಬಹುದಿತ್ತು. ಒರಿಜಿನಲ್ಲಲ್ಲಿ ಎಡ ಬಲ ತಿರುಗಿಸಿದಾಗ ಹಿಂದಿನ ವಿನ್ಯಾಸ ಮುಂದಿನ ಅಕ್ಷರಗಳ ಹಿಂದೆ ಸರಿದ ಹಾಗೆ ಕಾಣುತ್ತದೆ, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ಒಂದು ಆಳ ಇದೆ. ಒಂದು ಅಕ್ಷರ ಹೊಳೆಯುವಾಗ ಪಕ್ಕದ್ದು ಆರಿರುತ್ತದೆ, ಆಮೇಲೆ ಅದಲು ಬದಲು. ಮುಂದೆ ಹಿಂದೆ ಓಲಿಸಿದರೆ ಅಕ್ಷರದ ಬಣ್ಣ ಕೆಂಪಿನಿಂದ ಹಸಿರು, ಹಸಿರಿನಿಂದ ನೀಲಿಗೆ ಹೋಗುತ್ತದೆ. ಮಾವನ ಬಾಟಲಿಯಲ್ಲಿ ಕಾಮನಬಿಲ್ಲು ಇತ್ತು, ಇಲ್ಲ ಅನ್ನಲ್ಲ, ಒರಿಜಿನಲ್ಲಿಗಿಂತ ಜಾಸ್ತಿಯೇ ಝಗಝಗ ಅನ್ನುತ್ತಿತ್ತು. ಆದರೆ ಇಡೀ ಬಿಲ್ಲೆ ಒಟ್ಟಿಗೇ ಹೊಳೆದು ಒಟ್ಟಿಗೇ ಆರುತ್ತಿತ್ತು. ಅದರ ಮೇಲಿನ ಅಕ್ಷರಗಳು ಯಾವ ಕೋನದಲ್ಲೂ ಹೊಳೆಯಲಿಲ್ಲ, ಕಪ್ಪಗೆ ಇದ್ದವು ಕಪ್ಪಗೇ ಉಳಿದವು. ಅಂದರೆ ಅಕ್ಷರಗಳು ಹೊಲೊಗ್ರಾಮಿನ ಒಳಗೆ ಇಲ್ಲ. ಮದುವೆ ಕಾರ್ಡಿಗೆ, ಗಿಫ್ಟ್ ಪ್ಯಾಕಿಗೆ ಬಳಸುವಂಥ ರೆಡಿಮೇಡ್ ಕಾಮನಬಿಲ್ಲಿನ ಹಾಳೆ ತಂದು, ಅದರ ಮೇಲೆ ಶಾಯಿಯಲ್ಲಿ ಹೆಸರು ಒತ್ತಿದ್ದಾರೆ. ಇದು ಅಗ್ಗದ ದಾರಿ. ದುಡ್ಡಿರುವ ನಕಲಿಯವರು ಹೊಲೊಗ್ರಾಮನ್ನೇ ಅಚ್ಚು ಮಾಡಿಸುತ್ತಾರೆ, ಅಂಥದ್ದು ಬಂದರೆ ಈ ಟಾರ್ಚಿನ ಆಟ ನಡೆಯಲ್ಲ.

ಇಷ್ಟಾದರೂ ನನ್ನ ಮಟ್ಟಿಗೆ ಕೇಸ್ ಮುಗಿಸಿದ್ದು ಲೋಗೊನೂ ಅಲ್ಲ, ಹೊಲೊಗ್ರಾಮೂ ಅಲ್ಲ. ಬ್ಯಾಚ್ ನಂಬರ್.

ಬ್ಯಾಚ್ ನಂಬರ್ ಬಗ್ಗೆ ಜನರಿಗೆ ಇರುವ ನಂಬಿಕೆ ಉಲ್ಟಾ. ನೀಟಾಗಿದ್ದರೆ ಅಸಲಿ, ಸೊಟ್ಟಗಿದ್ದರೆ ನಕಲಿ ಅಂದುಕೊಳ್ಳುತ್ತಾರೆ. ಮಾವನೂ ಹಾಗೇ ಹೇಳಿದರು, "ನಂಬರ್ ಎಷ್ಟು ಚೆನ್ನಾಗಿ ಪ್ರಿಂಟಾಗಿದೆ ನೋಡು, ಅದಕ್ಕೇ ತಗೊಂಡೆ." ಅಲ್ಲೇ ಇರೋದು ವಿಷಯ. ಲೇಬಲ್ ಪ್ರೆಸ್ಸಲ್ಲಿ ಲಕ್ಷಗಟ್ಟಲೆ ಅಚ್ಚಾಗುತ್ತದೆ, ಆದರೆ ಸಾಮಾನ್ಯವಾಗಿ ಬ್ಯಾಚ್ ನಂಬರ್, ತಯಾರಾದ ದಿನ, ಅವಧಿ ಮುಗಿಯುವ ದಿನದ ಜಾಗವನ್ನು ನಾವು ಖಾಲಿ ಬಿಡುತ್ತೇವೆ. ಕಾರ್ಖಾನೆಯಲ್ಲಿ ಔಷಧಿ ತುಂಬಿದ ಮೇಲೆ, ಬಾಟಲಿ ಬೆಲ್ಟಿನ ಮೇಲೆ ಓಡುತ್ತಿರುವಾಗ, ಇಂಕ್‌ಜೆಟ್ ಯಂತ್ರ ಒಂದೇ ತೂತಿನಿಂದ ಶಾಯಿಯ ಹನಿ ಚಿಮ್ಮಿಸಿ ಆ ನಂಬರ್ ಬರೆಯುತ್ತದೆ. ಅದಕ್ಕೇ ಅಕ್ಷರಗಳು ಬಿಡಿ ಬಿಡಿ ಚುಕ್ಕೆಗಳಾಗಿರುತ್ತವೆ, ರಂಗೋಲಿ ಥರ. ಬಾಟಲಿ ಸ್ವಲ್ಪ ಅಲುಗಿದರೆ ಸಾಲು ಸೊಟ್ಟ ಆಗುತ್ತದೆ, ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಒಂದೆರಡು ಮಿಲಿಮೀಟರ್ ಕೆಳಗೆ. ಅಂಗಡಿಯಲ್ಲಿ ಒಂದೇ ಪೆಟ್ಟಿಗೆಯ ಮೂರು ಬಾಟಲಿ ಸಾಲಾಗಿ ನಿಲ್ಲಿಸಿ ನೋಡಿದೆ, ಮೂರೂ ನಂಬರ್ ಮೂರು ಎತ್ತರದಲ್ಲಿದ್ದವು.

ನಕಲಿ ಮಾಡುವವನ ಹತ್ತಿರ ಓಡುವ ಬೆಲ್ಟೂ ಇಲ್ಲ, ಆ ಯಂತ್ರವೂ ಇಲ್ಲ. ಅವನು ಲೇಬಲ್ ಒತ್ತುವಾಗಲೇ ನಂಬರನ್ನೂ ಸೇರಿಸಿ ಒತ್ತಿಬಿಡುತ್ತಾನೆ.

ಹುಡುಗನಿಗೆ ನಾಲ್ಕೂ ಬಾಟಲಿ, ಖಾಲಿ ಎರಡು, ತುಂಬಿದ್ದು ಎರಡು, ಸಾಲಾಗಿ ನಿಲ್ಲಿಸಿ ನಂಬರಿನ ಭಾಗ ಒಂದೊಂದಾಗಿ ತೆಗೆದು ಕಳಿಸು ಅಂದೆ. ನಾಲ್ಕರ ಮೇಲೂ ಒಂದೇ ಬ್ಯಾಚ್ ನಂಬರ್ ಇತ್ತು. ಇದರಲ್ಲಿ ಅನುಮಾನ ಪಡೋಕೆ ಏನಿಲ್ಲ, ಒಂದೇ ಪೆಟ್ಟಿಗೆಯಿಂದ ಬಂದಿದ್ದರೆ ಒಂದೇ ಬ್ಯಾಚ್ ಇರೋದೇ ಸರಿ. ಆದರೆ ಲೇಬಲ್ಲಿನ ಗೆರೆಗೂ ಮೊದಲ ಅಂಕೆಗೂ ಇರುವ ದೂರ ನಾಲ್ಕರಲ್ಲೂ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ. ಚುಕ್ಕೆಗಳೂ ಇದ್ದವು, ಮೋಸಗಾರ ಚುಕ್ಕೆ ಅಕ್ಷರದ ಫಾಂಟನ್ನೇ ಹಾಕಿದ್ದ, ಅಷ್ಟು ಬುದ್ಧಿ ಇತ್ತು. ದೊಡ್ಡದು ಮಾಡಿ ನೋಡುತ್ತಾ ಹೋದಾಗ 7 ಅನ್ನುವ ಅಂಕೆಯ ಕಾಲಲ್ಲಿ ಒಂದು ಚುಕ್ಕೆ ಅರ್ಧ ತಿಂದು ಹೋಗಿದ್ದು ಕಾಣಿಸಿತು. ಎರಡನೇ ಬಾಟಲಿ ತೆಗೆದೆ, ಅದೇ 7, ಅದೇ ಚುಕ್ಕೆ, ಅದೇ ಅರ್ಧ. ಮೂರನೆಯದು, ನಾಲ್ಕನೆಯದು, ಎಲ್ಲದರಲ್ಲೂ.

ಹಾರಿ ಬೀಳುವ ಹನಿ ನಾಲ್ಕು ಬಾಟಲಿಯ ಮೇಲೆ ಒಂದೇ ಜಾಗದಲ್ಲಿ, ಒಂದೇ ಥರ ಅರ್ಧ ಆಗಿ ಬೀಳಲ್ಲ. ಇನ್ನೊಂದು ಥರದ ಇಂಕ್‌ಜೆಟ್ ಇದೆ, ಸಾಲಾಗಿ ಬಹಳ ತೂತು ಇರುವಂಥದ್ದು, ಅದರಲ್ಲಿ ಒಂದು ತೂತು ಕಟ್ಟಿಕೊಂಡರೆ ಎಲ್ಲ ಬಾಟಲಿಗೂ ಅದೇ ದೋಷ ಬರುತ್ತದೆ. ಆದರೆ ಆಗ ಇಡೀ ಸಾಲಿನ ಉದ್ದಕ್ಕೂ, ಎಲ್ಲ ಅಂಕೆಗಳ ಅದೇ ಎತ್ತರದಲ್ಲಿ ಒಂದು ಬಿಳಿ ಗೆರೆ ಬರುತ್ತದೆ. ಒಂದು 7ರ ಕಾಲು ಮಾತ್ರ ಕುಂಟೋದಿಲ್ಲ. ಒಂದೇ ಅಂಕೆಯ ಒಂದೇ ಚುಕ್ಕೆ ನಾಲ್ಕು ಕಡೆ ಕೆಟ್ಟಿದೆ ಅಂದರೆ ಅದು ಲೇಬಲ್ ಒತ್ತುವ ಪ್ಲೇಟಿನಲ್ಲೇ ಕೆಟ್ಟಿದೆ. ಪ್ಲೇಟಿನಲ್ಲಿ ಬ್ಯಾಚ್ ನಂಬರ್ ಇದೆ ಅಂದರೆ ಅದು ಲೇಬಲ್ ಜೊತೆಗೇ ಅಚ್ಚಾಗಿದೆ.

ಇನ್ನೊಂದು ಗುರುತು ಅದೇ ಫೋಟೊಗಳಲ್ಲೇ ಸಿಕ್ಕಿತು, ಹುಡುಕದೇ. ಟಾರ್ಚಿನ ಬೆಳಕಿನ ಹೊಳಪು ಒಂದು ಫೋಟೊದಲ್ಲಿ ಸರಿಯಾಗಿ ನಂಬರಿನ ಮೇಲೇ ಬಿದ್ದಿತ್ತು. ಹುಡುಗ "ಸಾರಿ ಅಣ್ಣ, ಗ್ಲೇರ್ ಬಂದಿದೆ" ಅಂತ ಬರೆದಿದ್ದ. ನನಗೆ ಅದೇ ಬೇಕಿತ್ತು! ಈ ಲೇಬಲ್ಲಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಒರಿಜಿನಲ್ಲಲ್ಲಿ ನಂಬರಿನ ಶಾಯಿ ಆ ಪದರದ ಮೇಲೆ ಕೂತಿರುತ್ತದೆ, ಆದ್ದರಿಂದ ಹೊಳಪು ನಂಬರಿನ ಮೇಲೆ ಹಾಯುವಾಗ ಚುಕ್ಕೆ ಚುಕ್ಕೆಗೂ ಮಂಕಾಗಿ ಒಡೆಯುತ್ತದೆ. ಮಾವನ ಬಾಟಲಿಯಲ್ಲಿ ಹೊಳಪು ಕನ್ನಡಿ ಮೇಲೆ ಜಾರಿದ ಹಾಗೆ ಒಂದೇ ಸಮ ಹೋಗಿತ್ತು. ನಂಬರ್ ಪದರದ ಕೆಳಗಿದೆ. ತುಂಬಿದ ಮೇಲೆ ಬರೆದ ನಂಬರ್ ಪದರದ ಕೆಳಗೆ ಹೋಗಿ ಕೂರೋದು ಹೇಗೆ?

ಖಾಲಿ ಬಾಟಲಿ ಎರಡಿದ್ದವಲ್ಲ, ಅದರಲ್ಲೊಂದರ ಮೇಲೆ ಉಗುರು ಬಣ್ಣ ತೆಗೆಯುವ ಅಸಿಟೋನನ್ನು ಹತ್ತಿಗೆ ಹಾಕಿ ಉಜ್ಜಿಸಿ ನೋಡಿದೆವು, ಗ್ಲೌಸ್ ಹಾಕಿಸಿ. ಅಕ್ಕನ ಮೇಕಪ್ ಡಬ್ಬಿಯಿಂದ ಕದ್ದು ತಂದಿದ್ದನಂತೆ. ನಂಬರ್ ಅಲುಗಲಿಲ್ಲ. ನನ್ನ ಒರಿಜಿನಲ್ ಬಾಟಲಿಯಲ್ಲಿ ಎರಡು ಸಲ ಒರೆಸಿದ್ದಕ್ಕೇ ಹತ್ತಿ ಕಪ್ಪಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಕಂಪನಿಯೂ ಬಾಟಲಿ ಮೇಲೆ ಇಂಕ್‌ಜೆಟ್ ಬಳಸಲ್ಲ. ಕೆಲವರು ಲೇಸರಲ್ಲಿ ಕೆತ್ತುತ್ತಾರೆ, ಕೆಲವರು ಲೇಬಲ್ ರೋಲಿನ ಮೇಲೇ ನಂಬರ್ ಒತ್ತಿ ಆಮೇಲೆ ಅಂಟಿಸುತ್ತಾರೆ. ಅಂಥದ್ದರಲ್ಲಿ ನಂಬರ್ ನೀಟಾಗೂ ಇರಬಹುದು, ಒಂದೇ ಜಾಗದಲ್ಲೂ ಇರಬಹುದು. ಈ ಕಂಪನಿ, ಈ ಸೈಜು, ಈ ವರ್ಷ ಏನು ಬಳಸುತ್ತಿದೆ ಅಂತ ಅಂಗಡಿಯ ಬಾಟಲಿ ನೋಡಿ ತಿಳಿದ ಮೇಲೇ ನಾನು ಹೀಗೆ ಹೇಳಿದ್ದು.

ಮಂಗಳವಾರ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಫೋನ್ ನಂಬರನ್ನು ನನ್ನ ಒರಿಜಿನಲ್ ಬಾಟಲಿಯ ಮೇಲಿಂದ ತಗೊಂಡೆ, ಮಾವನ ಬಾಟಲಿಯ ಮೇಲಿಂದಲ್ಲ. ಲೇಬಲ್ಲೇ ನಕಲಿ ಆದರೆ ಅದರ ಮೇಲಿನ ಫೋನ್ ನಂಬರ್ ಯಾರಿಗೆ ಹೋಗುತ್ತದೋ ಯಾರಿಗೆ ಗೊತ್ತು. ಮಾವನ ಬಾಟಲಿಯ ಬ್ಯಾಚ್ ಓದಿ ಹೇಳಿದೆ. ಆ ಬ್ಯಾಚ್ ನಿಜವಾಗಿಯೂ ಇತ್ತು. ಆದರೆ ಅದನ್ನು ತುಂಬಿದ್ದು 150 ಮಿಲಿ ಬಾಟಲಿಗೆ ಮಾತ್ರ, 60 ಮಿಲಿಗೆ ಅಲ್ಲವೇ ಅಲ್ಲ. ಯಾರೋ ಒಂದು ದೊಡ್ಡ ಬಾಟಲಿ ಎದುರಿಗಿಟ್ಟುಕೊಂಡು ಲೇಬಲ್ ಕಾಪಿ ಹೊಡೆದಿದ್ದಾರೆ. ಚಿಹ್ನೆಯ ಪಕ್ಕದ ಜಾಗ ಯಾಕೆ ಕಮ್ಮಿ ಆಯಿತು ಅನ್ನೋದೂ ಆಗ ಹೊಳೆಯಿತು. ದೊಡ್ಡ ಲೇಬಲ್ಲಿನಿಂದ ಎತ್ತಿದ್ದನ್ನು ಸಣ್ಣ ಲೇಬಲ್ಲಿಗೆ ಕೂರಿಸೋಕೆ ತುಂಡುಗಳನ್ನು ಹತ್ತಿರ ತಳ್ಳಿರಬೇಕು.

ಆಮೇಲೆ ಆದದ್ದು ಅಷ್ಟೇನೂ ಖುಷಿಯ ಕಥೆ ಅಲ್ಲ. ಮಾವ ಸೀಲ್ ಒಡೆಯದ ಎರಡು ಬಾಟಲಿ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದರು. ಅಧಿಕಾರಿ ಫೋಟೊ ವಿಡಿಯೊ ಎಲ್ಲ ಸಮಾಧಾನವಾಗಿ ನೋಡಿದರಂತೆ, ಆದರೆ ಕಾನೂನು ಬೇರೆ ಇದೆ ಅಂದರು. 1968ರ ಕೀಟನಾಶಕ ಕಾಯ್ದೆಯಲ್ಲಿ ಇನ್‌ಸ್ಪೆಕ್ಟರ್ ಮಾರುವವನ ಹತ್ತಿರವೇ ಹೋಗಿ ಸ್ಯಾಂಪಲ್ ತೆಗೆಯಬೇಕು, ಅದನ್ನು ಮೂರು ಭಾಗ ಮಾಡಿ ಸೀಲ್ ಹಾಕಬೇಕು, ಒಂದು ಭಾಗ ಅವನಿಗೇ ವಾಪಸ್, ಒಂದು ಪರೀಕ್ಷೆಗೆ, ಒಂದು ಕೋರ್ಟಿಗೆ. ರೈತನ ಮನೆಯಿಂದ ಬಂದ ಬಾಟಲಿ ಇದ್ದರೆ ದೂರಿಗೆ ದಾರಿ ಆಗುತ್ತದೆ, ಮಾರಿದವನ ಮೇಲೆ ಕೇಸ್ ನಿಲ್ಲಿಸೋಕೆ ಅಷ್ಟೇ ಸಾಲಲ್ಲ. ಬಿಲ್ ಇದೆಯಾ ಅಂದರು. ಇಲ್ಲ. ಮುಂದಿನ ಸಂತೆಗೆ ಅವರ ಕಡೆಯವರು ಬಂದು ನೋಡಿದರು, ಬೈಕಿನವನು ಬರಲಿಲ್ಲ.

ಮಾವ ಅಂಗಡಿಯಿಂದ ಬಿಲ್ ಸಮೇತ ಮತ್ತೆ ಎರಡು ಬಾಟಲಿ ತಂದು, ಸಂಜೆ ಹೊತ್ತು ಸುಳಿಗೇ ಬೀಳುವ ಹಾಗೆ ಹೊಡೆದರು. ಅಷ್ಟೊತ್ತಿಗೆ ಹನ್ನೆರಡು ದಿನ ಕಳೆದಿತ್ತು, ಹುಳ ಬೆರಳುದ್ದ ಆಗಿದ್ದವು. ಕೆಳಗಿನ ಅರ್ಧ ಎಕರೆ ಕೈಬಿಟ್ಟು ದನಕ್ಕೆ ಮೇವಿಗೆ ಕೊಯ್ದರು. "ಎಂಟ್ನೂರು ಉಳಿಸೋಕೆ ಹೋದೆ ಕಣಪ್ಪ" ಅಂದರು, ಅಷ್ಟೇ.

ಹುಡುಗನಿಗೆ ಮಾತ್ರ ಇದರಿಂದ ಹೊಸ ಹುಚ್ಚು ಹಿಡಿದಿದೆ. ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಒಂದು ವಿಡಿಯೊ ಕಳಿಸಿದ್ದ, ಕತ್ತಲ ಕೋಣೆ, ಓರೆ ಟಾರ್ಚ್, ಅಲುಗದ ಕ್ಯಾಮೆರಾ. ಅವನ ಹೊಸ ಇಯರ್‌ಫೋನಿನ ಡಬ್ಬದ ಮೇಲಿನ ಹೊಲೊಗ್ರಾಂ. ಇಡೀ ಬಿಲ್ಲೆ ಒಟ್ಟಿಗೇ ಹೊಳೆದು ಒಟ್ಟಿಗೇ ಆರುತ್ತಿತ್ತು. ಆ ಕಂಪನಿಯ ಒರಿಜಿನಲ್ ಹೊಲೊಗ್ರಾಂ ಹೇಗಿರುತ್ತದೆ ಅಂತ ನಾನು ನೋಡಿಲ್ಲ, ಮೊದಲು ಅಂಗಡಿಯಿಂದ ಒಂದು ತೆಗೆಸಿ ತೋರಿಸು ಅಂತ ಬರೆದೆ.